ಏಳನೇ ಸಾಲಿನ ಡೊಂಕು

“ಕೈ ನಡುಗತ್ತಾ ನಿಮಗೆ? ನಡುಗಿದ್ರೆ ಹೇಳ್ಬಿಡಿ. ವಯಸ್ಸು ಯಾರನ್ನೂ ಬಿಡಲ್ಲ, ಅದರಲ್ಲಿ ನಾಚಿಕೆ ಏನು ಬಂತು?”

ಸೂಪರ್‌ವೈಸರು ಇದನ್ನು ಮೆಲ್ಲಗೆ ಹೇಳಲಿಲ್ಲ. ಔಷಧಿ ಗೋದಾಮಿನ ತಗಡಿನ ಮಾಡು ಯಾರ ಮಾತನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಆರನೇ ಸಾಲಿನವರಿಗೆ ಕೇಳಿಸಿತು, ಐದನೆಯವರಿಗೂ ಕೇಳಿಸಿತು, ಆಚೆ ತುದಿಯಲ್ಲಿ ಲಾರಿಗೆ ಪೆಟ್ಟಿಗೆ ತುಂಬುತ್ತಿದ್ದವರೂ ಒಂದು ಗಳಿಗೆ ಕೈ ನಿಲ್ಲಿಸಿದರು.

ಏಳನೇ ಸಾಲಿನ ಅಕ್ಕ ಕಪಾಟಿನತ್ತ ತಿರುಗಿದಳು. ಹದಿನೇಳು ವರ್ಷದಿಂದ ಆ ಸಾಲು ಅವಳದು, ಹಾಗಾಗಿ ಅವಳ ಹೆಸರೂ ಅದೇ ಆಗಿತ್ತು. ಕೈಯಲ್ಲಿದ್ದ ಸ್ಕ್ಯಾನರನ್ನು, ಅಲ್ಲಿಯವರ ಬಾಯಲ್ಲಿ ಅದು ‘ಗನ್ನು’, ಇಂಜೆಕ್ಷನ್ ಪೆಟ್ಟಿಗೆಯ ಬಾರ್‌ಕೋಡ್ ಪಟ್ಟಿಗೆ ಹಿಡಿದಳು. ಕೆಂಪು ಗೆರೆ ಬಿತ್ತು. ಇನ್ನು ಗನ್ನು ಮಾಡಿನಲ್ಲಿ ತೂಗುವ ವೈಫೈ ಡಬ್ಬಕ್ಕೆ ಹೇಳಬೇಕು, ಡಬ್ಬ ಕಂಪ್ಯೂಟರಿಗೆ ಹೇಳಬೇಕು, ಕಂಪ್ಯೂಟರು ‘ಸರಿ’ ಎಂದರೆ ಗನ್ನು ‘ಟಿಂಗ್’ ಅನ್ನಬೇಕು. ಟಿಂಗ್ ಬರದೆ ಪೆಟ್ಟಿಗೆ ಕದಲಿಸುವ ಹಾಗಿಲ್ಲ.

ಟಿಂಗ್ ಬರಲಿಲ್ಲ. ಗಾಜಿನ ಮೇಲೆ ಪುಟ್ಟ ಚಕ್ರ ಗಿರಗಿರ ತಿರುಗುತ್ತ ನಿಂತಿತು.

“ನೋಡಿ, ನೋಡಿ!” ಸೂಪರ್‌ವೈಸರು ಕಿವಿಗಿಟ್ಟಿದ್ದ ಕಾರ್ಡ್‌ಲೆಸ್ ಫೋನಿಗೆ ಹೇಳಿದ. “ಹೌದು ಮೇಡಂ, ಪಕ್ಕದಲ್ಲೇ ನಿಂತಿದೀನಿ. ಕಣ್ಣಾರೆ ನೋಡ್ತಾ ಇದೀನಿ. ಈಗಲೂ ನಿಂತಿದೆ. ಹದಿನಾಲ್ಕು ಸೆಕೆಂಡು... ಹದಿನೆಂಟು... ಇಲ್ಲ ಮೇಡಂ, ಪಕ್ಕದ ಸಾಲಲ್ಲಿ ಟಿಂಗ್ ಟಿಂಗ್ ಅಂತಿದೆ. ಇಲ್ಲಿ ಮಾತ್ರ. ಸರಿ ಮೇಡಂ, ಮೂರು ಗಂಟೆಗೆ.”

ಅವನು ಸದಾ ಸೆಕೆಂಡು ಎಣಿಸುವವನಾದ್ದರಿಂದ ಗೋದಾಮಿನವರು ಬೆನ್ನ ಹಿಂದೆ ಅವನನ್ನು ‘ಗಡಿಯಾರ’ ಎನ್ನುತ್ತಿದ್ದರು. ತಗಡಿನ ಮಾಡಿನ ಕೆಳಗೆ ಮೊಬೈಲು ಹಿಡಿಯುತ್ತಿರಲಿಲ್ಲ. ಅದಕ್ಕೇ ಹಳೇ ಕಟ್ಟಡದಿಂದ ಹೊತ್ತು ತಂದ, ಕಡ್ಡಿ ಮೇಲೆದ್ದ ಈ ಕಾರ್ಡ್‌ಲೆಸ್ ಫೋನು ಅವನಿಗೆ ಪ್ರಾಣ. ಅದರ ಪೀಠ ಏಳನೇ ಸಾಲಿನ ತಲೆಗಿದ್ದ ಅವನ ಗಾಜಿನ ಕೋಣೆಯಲ್ಲಿತ್ತು, ಫೋನು ಸೊಂಟದಲ್ಲಿ.

“ಮೂರನೇ ಮೆಮೊ,” ಎಂದು ಕಾಗದ ಚಾಚಿದ. “ದೊಡ್ಡ ಮೇಡಂ ಮೂರಕ್ಕೆ ಬರ್ತಾರೆ. ಮೂರು ಮೆಮೊ ಆದ್ಮೇಲೆ ಕೆಲಸ ಹೋಗತ್ತೆ ಅಂತ ನಿಮಗೆ ಗೊತ್ತಿದೆ. ಆದರೂ ಪದ್ಧತಿ ಪ್ರಕಾರ ಓದ್ತೀನಿ.”

ಓದಿದ. ನಿಂತೇ ಓದಿದ, ಎಲ್ಲರಿಗೂ ಕೇಳುವ ಹಾಗೆ. ‘ಎಂಟು ವಾರಗಳಿಂದ ಪ್ರತಿದಿನ ಕೆಲಸದ ವೇಳೆಯಲ್ಲಿ ಸುಮ್ಮನೆ ನಿಂತು ಕಾಲ ಕಳೆದಿರುವುದು...’

“ಸಾರ್, ಗನ್ನು ನಿಲ್ಲೋದು. ನಾನಲ್ಲ.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದ ಗಡಿಯಾರ. ಆ ಗಾದೆ ಹೇಳಲು ಅವನು ಬೆಳಗಿನಿಂದ ಕಾಯುತ್ತಿದ್ದನೇನೋ, ಹೇಳಿ ಹಗುರಾದ. ಮೇಡಂಗೂ ಕೇಳಲೆಂದು ಅಷ್ಟು ಹೊತ್ತೂ ಕಟ್ ಮಾಡದೆ ಹಿಡಿದಿದ್ದ ಫೋನನ್ನು ಆರಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಕೋಣೆ ಸೇರಿದ.

ಅವನು ಆಚೆ ಹೋದದ್ದೇ ತಡ, ಗನ್ನು ‘ಟಿಂಗ್’ ಎಂದಿತು. ಅಕ್ಕನಿಗೆ ಅದನ್ನು ನೆಲಕ್ಕೆ ಕುಕ್ಕಬೇಕೆನಿಸಿತು. ಯಜಮಾನನ ಮುಂದೆ ಬಾಲ ಮುದುರಿ, ಅವನು ತಿರುಗಿದ ಮೇಲೆ ಬೊಗಳುವ ನಾಯಿ ಇದು.

ಅವಳಿಗೆ ಮೂರು ಗಂಟೆಯ ಭಯಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿದದ್ದು ಆ ‘ಸುಮ್ಮನೆ’ ಎಂಬ ಮಾತಿಗೆ. ಏಳನೇ ಸಾಲು ತುರ್ತಿನ ಸಾಲು. ಆಸ್ಪತ್ರೆಗಳ ಪಟ್ಟಿ ಬರುವುದೇ ಮಧ್ಯಾಹ್ನದ ಹೊತ್ತಿಗೆ. ಯಾವ ಕಪಾಟಿನ ಯಾವ ಮೂಲೆಯಲ್ಲಿ ಯಾವ ಸೀಸೆ ಇದೆ ಎಂದು ಕಣ್ಣು ಕಟ್ಟಿ ಬಿಟ್ಟರೂ ತರಬಲ್ಲವಳು ಅವಳು. ಆ ಸಾಲನ್ನು ಆ ಹೊತ್ತಿನಲ್ಲಿ ಬರಿದು ಬಿಡಬಾರದೆಂದು ಊಟವನ್ನೂ ಕೊನೆಗೆ ಇಟ್ಟುಕೊಂಡಿದ್ದಳು. ಗೋದಾಮಿನಲ್ಲಿ ಊಟಕ್ಕೆ ಮೂರು ಪಂಕ್ತಿ: ಹನ್ನೆರಡೂ ಕಾಲಿಗೆ ಒಂದು, ಮುಕ್ಕಾಲಿಗೆ ಒಂದು, ಒಂದೂ ಕಾಲಿಗೆ ಒಂದು. ಅವೆಲ್ಲ ಮುಗಿದು ಒಂದೂ ಮುಕ್ಕಾಲಿಗೆ ಅಕ್ಕ ಒಬ್ಬಳೇ. “ಚಿಕ್ಕ ವಯಸ್ಸಿನವರಿಗೆ ಹಸಿವು ತಡೆಯಲ್ಲ, ಹೋಗಿ ಮೊದಲು,” ಎಂದು ತಾನೇ ಮಾಡಿದ ಏರ್ಪಾಡು.

ಅದೇ ಏರ್ಪಾಡು ಅವಳ ಕುತ್ತಿಗೆಗೆ ಬಂದಿತ್ತು. ಹೋದ ವಾರ ಗಡಿಯಾರ ಒಂದು ಪರೀಕ್ಷೆ ಮಾಡಿದ್ದ. ಅಕ್ಕ ಊಟಕ್ಕೆ ಹೋದಾಗ ಅವಳದೇ ಗನ್ನನ್ನು ಆರನೇ ಸಾಲಿನ ಪಟಾಕಿಗೆ ಕೊಟ್ಟು ಏಳನೇ ಸಾಲಿಗೆ ನಿಲ್ಲಿಸಿದ. ಪಟಾಕಿ ಎಂದರೆ ಒಂದೇ ಉಸಿರಿಗೆ ಹತ್ತು ಮಾತು ಸಿಡಿಸುವ ಹುಡುಗಿ. ಅರ್ಧ ಗಂಟೆಯಲ್ಲಿ ಅವಳು ತೊಂಬತ್ತೊಂದು ಪೆಟ್ಟಿಗೆ ತೆಗೆದಳು, ಒಂದು ಸಲವೂ ಚಕ್ರ ತಿರುಗಲಿಲ್ಲ. ಐದು ದಿನ ಹಾಗೇ ಮಾಡಿಸಿದ. ಐದೂ ದಿನ ಟಿಂಗ್ ಟಿಂಗ್.

“ಗನ್ನೂ ಸರಿ, ಸಾಲೂ ಸರಿ,” ಎಂದು ಬರೆದುಕೊಂಡ. ಉಳಿದದ್ದೇನು ಎಂಬುದನ್ನು ಬರೆಯಬೇಕಾಗಿರಲಿಲ್ಲ.

ಪಟಾಕಿ ಅಂದಿನಿಂದ ಅಕ್ಕನ ಮುಖ ನೋಡಿರಲಿಲ್ಲ. ಈಗ ಸಂದಿಯಲ್ಲಿ ತಲೆ ಹಾಕಿದಳು. “ಅಕ್ಕಾ, ನಿಮ್ಮಾಣೆ, ನಾನು ಬೇಕೂಂತ ಬೇಗ ಮಾಡಿಲ್ಲ. ನಿಧಾನ ಮಾಡೋಣ ಅಂತ ಕೂಡ ನೋಡ್ದೆ ಅಕ್ಕಾ, ಅವರು ಪಕ್ಕದಲ್ಲೇ ನಿಂತಿದ್ರು, ಫೋನಿಲ್ಲ ಗೀನಿಲ್ಲ, ವಾಚು ಹಿಡ್ಕೊಂಡು...”

“ನಿನ್ನ ಕೆಲಸ ನೀನು ಮಾಡಿದೀಯ. ಕಣ್ಣಲ್ಲಿ ನೀರು ಹಾಕ್ಬೇಡ, ಪೆಟ್ಟಿಗೆ ಒದ್ದೆಯಾದ್ರೆ ಅದಕ್ಕೂ ನನಗೇ ಮೆಮೊ ಬರತ್ತೆ.”

ಹನ್ನೆರಡು ಹೊಡೆಯುವುದಕ್ಕೂ ಗೇಟಿನಲ್ಲಿ ಏಣಿಯೊಂದು ಒಳಗೆ ಬರುವುದಕ್ಕೂ ಸರಿಹೋಯಿತು. ಏಣಿಯ ಹಿಂದೆ ಅದಕ್ಕಿಂತ ಗಿಡ್ಡನೆಯ ಹೆಂಗಸು. ಮಾಡಿನಲ್ಲಿ ತೂಗುವ ಆರು ಬಿಳಿ ಡಬ್ಬಗಳ ಜವಾಬ್ದಾರಿ ಅವಳದು. ಎಲ್ಲರೂ ಅವಳನ್ನು ಏಣಿಯಮ್ಮ ಎನ್ನುತ್ತಿದ್ದರು. ಹಿಂದಿನ ದಿನ ಅಕ್ಕ ಗೇಟಿನ ಹೊರಗೆ ನಿಂತು, ಡಬ್ಬದ ಮೇಲೆ ಅಂಟಿಸಿದ್ದ ನಂಬರಿಗೆ ಫೋನು ಮಾಡಿ, ಪಟಾಕಿಯ ಪರೀಕ್ಷೆಯ ಕಥೆಯನ್ನೂ ಹೇಳಿ, ಬಾಯಿಗೆ ಬಂದಂತೆ ಬೈದಿದ್ದಳು.

“ಬಂದ್ಯಾ ತಾಯಿ? ಬಾ,” ಎಂದಳು ಅಕ್ಕ. “ಎರಡು ಸಲ ಬಂದೆ. ಎರಡು ಸಲವೂ ಬೆಳಿಗ್ಗೆ ಒಂಬತ್ತಕ್ಕೆ. ‘ದೋಷವಿಲ್ಲ’ ಅಂತ ಬರೆದು ಸಹಿ ಹಾಕಿ ಹೋದೆ. ಹಗಲು ಹೊತ್ತಲ್ಲಿ ಬಂದು ಗೂಬೆಯೇ ಇಲ್ಲ ಅಂದ ಹಾಗೆ! ಆ ನಿನ್ನ ಚೀಟೀನೇ ನನ್ನ ಮೆಮೊಗೆ ಪಿನ್ನು ಹೊಡೆದು ಇಟ್ಟಿದಾರೆ, ನೋಡ್ತೀಯಾ?”

ಏಣಿಯಮ್ಮ ಏಣಿ ಒರಗಿಸಿದಳು. ವಾದ ಮಾಡುತ್ತಾಳೆಂದುಕೊಂಡಿದ್ದ ಅಕ್ಕ ಇನ್ನೂ ನಾಲ್ಕು ಮಾತು ಸಿದ್ಧ ಮಾಡಿಟ್ಟುಕೊಂಡಿದ್ದಳು.

“ತಪ್ಪು ನಂದೇ ಅಕ್ಕ. ನಿನ್ನೆ ನೀವು ಬೈದ ಮೇಲೆ ಕೂತು ಹಳೇ ದಾಖಲೆ ತೆಗೆದು ನೋಡಿದೆ. ಮಿಕ್ಕ ಐದು ಡಬ್ಬ ಚೆನ್ನಾಗಿವೆ. ನಿಮ್ಮ ತಲೆ ಮೇಲಿನದು ಮಧ್ಯಾಹ್ನ ಆಗ್ತಿದ್ದ ಹಾಗೆ ಹೇಳಿದ್ದನ್ನೇ ಹತ್ತು ಸಲ ಹೇಳ್ತಾ ಇದೆ. ಯಾರೋ ನಡುವೆ ಗದ್ದಲ ಮಾಡ್ತಿದಾರೆ. ನಾನು ಬರೋ ಹೊತ್ತಿಗೆ ಆ ಗದ್ದಲ ಇರ್ತಿರ್ಲಿಲ್ಲ. ಒಂಬತ್ತಕ್ಕೇ ಬರಬಾರದಿತ್ತು.”

ಕೋಪ ಮಾಡಿಕೊಳ್ಳಲು ನಿಂತವರ ಮುಂದೆ ‘ತಪ್ಪು ನಂದೇ’ ಅಂದುಬಿಟ್ಟರೆ ಬಹಳ ಕಷ್ಟ. ಅಕ್ಕ ಉಳಿದ ನಾಲ್ಕು ಮಾತನ್ನು ನುಂಗಿಕೊಂಡಳು.

ಗಡಿಯಾರ ಕೋಣೆಯ ಬಾಗಿಲಿಂದಲೇ ಕೂಗಿದ. “ಏನಮ್ಮಾ, ಏಳನೇದರ ಸೌಂಡು ಒಂದಿಷ್ಟು ಜಾಸ್ತಿ ಮಾಡ್ಬಿಡು! ಆಮೇಲೆ ಇವರಿಗೆ ನೆಪ ಇರಲ್ಲ.”

“ಜಾಸ್ತಿ ಮಾಡಿದ್ರೆ ಡಬ್ಬ ಹೇಳಿದ್ದು ಗನ್ನಿಗೆ ಕೇಳಿಸಬಹುದು ಸಾರ್. ಗನ್ನಿನ ಗಂಟಲು ಸಣ್ಣದು. ಅದು ಹೇಳಿದ್ದು ಮೇಲಕ್ಕೆ ಕೇಳಿಸಬೇಕಲ್ಲ? ನಾನು ಗದ್ದಲ ಮಾಡೋರನ್ನ ಹುಡುಕ್ತೀನಿ.”

ಅವಳು ಲ್ಯಾಪ್‌ಟಾಪನ್ನು ಪೆಟ್ಟಿಗೆಯ ಮೇಲಿಟ್ಟು, ಬೆರಳುದ್ದದ ಆಂಟೆನಾ ಸಿಕ್ಕಿಸಿದಳು. ಪರದೆಯ ಮೇಲೆ ಹೆಸರುಗಳು ಒಂದೊಂದಾಗಿ ಮೂಡಿದವು. ಗೋದಾಮಿನದು ಆರು. ಅವುಗಳ ನಡುವೆ, ಕಾಂಪೌಂಡಿನಾಚೆಯ ಪ್ರಿಂಟಿಂಗ್ ಪ್ರೆಸ್ಸಿನ ಹೆಸರು.

“ಸಿಕ್ಕಿದ ಕಳ್ಳ,” ಎಂದಳು. “ನೋಡಿ ಅಕ್ಕ, ಇದೊಂದು ಉದ್ದನೆ ಬೆಂಚು ಅಂದ್ಕೊಳ್ಳಿ. ಹದಿಮೂರು ನಂಬರ್ ಬರೆದಿದಾರೆ. ಆದ್ರೆ ಒಬ್ಬರ ತೊಡೆ ಮೇಲೆ ಒಬ್ಬರು ಕೂರಬಾರದು ಅಂದ್ರೆ ಮೂರೇ ಜನಕ್ಕೆ ಜಾಗ: ಒಂದು, ಆರು, ಹನ್ನೊಂದು. ನಿಮ್ಮ ಡಬ್ಬ ಹನ್ನೊಂದರಲ್ಲಿದೆ, ಪಕ್ಕದ್ದು ಆರರಲ್ಲಿ. ಈ ಪುಣ್ಯಾತ್ಮರು ಹೊಸ ರೂಟರ್ ತಂದು ಒಂಬತ್ತರಲ್ಲಿ ಕಾಲು ಚಾಚ್ಕೊಂಡು ಕೂತಿದಾರೆ.”

“ಅವರನ್ನೂ ಹನ್ನೊಂದಕ್ಕೇ ಕರಿ. ಒಬ್ಬರ ಹಿಂದೆ ಒಬ್ಬರು ನಿಲ್ಲಲಿ.”

ಏಣಿಯಮ್ಮ ತಲೆಯೆತ್ತಿದಳು. “ಅದೂ ಪರವಾಗಿಲ್ಲ ಅಕ್ಕ. ಒಂದೇ ನಂಬರಲ್ಲಿದ್ರೆ ಒಬ್ಬರ ಮಾತು ಒಬ್ಬರಿಗೆ ಅರ್ಥ ಆಗತ್ತೆ, ಸರದಿ ಕಾಯ್ತಾರೆ. ಅರ್ಧ ಮೇಲೆ ಅರ್ಧ ಬಿದ್ರೇ ಕಷ್ಟ, ಬರೀ ಗದ್ದಲ. ಆದ್ರೆ ಆ ಕಡೆ ಒಂದನೇ ನಂಬರ್ ಖಾಲಿ ಇದೆ. ಕೇಳಿ ಬರ್ತೀನಿ.”

ಅರ್ಧ ಗಂಟೆ ಹಿಡಿಯಿತು. ಪ್ರೆಸ್ಸಿನ ಯಜಮಾನ ಮೊದಲು ಹಾರಾಡಿದನಂತೆ: “ನಿಮ್ಮ ಆರು ಡಬ್ಬದ ಕಾಟಕ್ಕೆ ನನ್ನ ಪ್ರಿಂಟರೇ ಮಾತು ಕೇಳ್ತಿಲ್ಲ, ನೀವೇ ನನ್ನ ಮೇಲೆ ಬರ್ತೀರಾ?” ಆಮೇಲೆ ತಾನೇ ಕುರ್ಚಿ ಎಳೆದುಕೊಟ್ಟು ಒಂದನೇ ನಂಬರಿಗೆ ಹಾಕಿಸಿಕೊಂಡನಂತೆ, ಕಾಲನ್ನೂ ಮಡಚಿಕೊಂಡನಂತೆ. ಅವನ ಪ್ರಿಂಟರು ಆ ಕೂಡಲೇ ನೂರು ಹಾಳೆ ಹೊರಕ್ಕೆ ಉಗುಳಿತಂತೆ.

ಏಣಿಯಮ್ಮ ಬೆವರು ಒರೆಸುತ್ತ ಬಂದಾಗ ಒಂದಕ್ಕೆ ಹತ್ತು ನಿಮಿಷ. “ಈಗ ಹೊಡೀರಿ ಅಕ್ಕ.”

ಅಕ್ಕ ಗನ್ನು ಹಿಡಿದಳು. ಕೆಂಪು ಗೆರೆ. ಚಕ್ರ ತಿರುಗಿತು. ಐದು ಸೆಕೆಂಡು. ಹತ್ತು. ಟಿಂಗ್. ಮತ್ತೊಂದು ಪೆಟ್ಟಿಗೆ. ಚಕ್ರ. ಇಪ್ಪತ್ತು.

“ಮೊದಲಿಗಿಂತ ವಾಸಿ,” ಎಂದಳು ಏಣಿಯಮ್ಮ, ದನಿ ಇಳಿದಿತ್ತು.

“ವಾಸಿ ಯಾರಿಗೆ ಬೇಕು? ಮೂರು ಗಂಟೆಗೆ ನಾನು ‘ವಾಸಿ’ ಅಂತ ಹೇಳ್ಲಾ?” ಅಕ್ಕನ ದನಿ ಏರಿತು. ಗಾಜಿನ ಕೋಣೆಯಲ್ಲಿ ಗಡಿಯಾರ ತಲೆಯೆತ್ತಿ ನೋಡಿ, ನಕ್ಕ ಹಾಗೆ ಮಾಡಿ, ಮತ್ತೆ ತಲೆ ತಗ್ಗಿಸಿದ.

ಏಣಿಯಮ್ಮ ಪರದೆಗೆ ಮೂಗು ಹಚ್ಚಿದಳು. “ಇನ್ನೊಬ್ಬ ಇದಾನೆ. ಇವನಿಗೆ ಹೆಸರೇ ಇಲ್ಲ. ಪಟ್ಟಿಯಲ್ಲಿ ಬರಲ್ಲ. ಅಂದ್ರೆ ಇದು ನೆಟ್‌ವರ್ಕ್ ಅಲ್ಲ, ಯಾವುದೋ ಯಂತ್ರ. ನೋಡಿ, ಒಂಬತ್ತರಿಂದ ಹನ್ನೆರಡರವರೆಗೂ ಮಸಿ ಬಳಿದ ಹಾಗಿದೆ. ನಿಮ್ಮ ಹನ್ನೊಂದು ಅದರ ಹೊಟ್ಟೆಯೊಳಗೇ ಇದೆ... ಅರೆ! ಹೋಯ್ತು.”

ಮಸಿ ಅಳಿಸಿತ್ತು. ಅದೇ ಗಳಿಗೆಗೆ ಗನ್ನು ಟಿಂಗ್ ಎಂದಿತು. ಹತ್ತು ಸೆಕೆಂಡು ಪರದೆ ಶುಭ್ರ. ಆಮೇಲೆ ಮತ್ತೆ ಮಸಿ.

ಅಕ್ಕ ಕೈ ಎತ್ತಿದಳು. “ತಡಿ. ಮಾತಾಡ್ಬೇಡ.”

ಗೋಡೆಯಾಚೆ, ತೆಳು ಹಲಗೆಯ ಗೋಡೆಯಾಚೆ, ಊಟದ ಕೋಣೆ. ಎರಡನೇ ಪಂಕ್ತಿಯವರ ನಗು, ಬೆಂಚು ಎಳೆದ ಸದ್ದು, ಯಾರದೋ ಅತ್ತೆಯ ಕಥೆ. ಅದೆಲ್ಲದರ ಕೆಳಗೆ ಒಂದು ಗುಂಯ್‌ಗುಟ್ಟು. ಅದು ನಿಂತು, ‘ಟಣ್’. ಪರದೆಯ ಮಸಿ ಹೋಯಿತು. ಬಾಗಿಲು ತೆಗೆದ ಸದ್ದು, “ಮುಂದೆ ಯಾರದ್ದು?”, ಬಾಗಿಲು ದಬ್ಬಿದ ಸದ್ದು. ಗುಂಯ್. ಮಸಿ ಬಂತು.

“ಅಯ್ಯೋ ಇದರ ಮನೆ ಹಾಳಾಗ!” ಎಂದಳು ಅಕ್ಕ.

ಮೈಕ್ರೋವೇವ್. ಎಂಟು ವಾರದ ಹಿಂದೆ ‘ಉತ್ತಮ ಗೋದಾಮು’ ಎಂದು ಬಹುಮಾನ ಬಂದಾಗ ಕೊಟ್ಟದ್ದು. ಗಡಿಯಾರನೇ ರಿಬ್ಬನ್ನು ಕತ್ತರಿಸಿ, ಏಳನೇ ಸಾಲಿನ ಗೋಡೆಗೆ ಒರಗಿಸಿ ಇಡಿಸಿದ್ದ. ಎಂಟು ವಾರದಿಂದ ಆ ಟಣ್ ಅನ್ನು ಅವಳು ದಿನಕ್ಕೆ ಐವತ್ತು ಸಲ ಕೇಳಿದ್ದಳು. ಟಣ್ ಆದ ಮೇಲೆಯೇ ಟಿಂಗ್ ಬರುತ್ತಿತ್ತು. ಕಿವಿಗೆ ಗೊತ್ತಿತ್ತು, ತಲೆಗೆ ಗೊತ್ತಾಗಿರಲಿಲ್ಲ.

ಏಣಿಯಮ್ಮ ಓಡಿ ಹೋಗಿ ನೋಡಿ ಬಂದಳು. “ಬಾಗಿಲು ಒಂದು ಕಡೆ ಸೊಟ್ಟಗಾಗಿದೆ, ಸೊಂಟದಲ್ಲಿ ದಬ್ಬಿ ದಬ್ಬಿ. ನೆಟ್ಟಗಿದ್ರೂ ಚೂರು ಸೋರತ್ತೆ ಅನ್ನಿ. ಗನ್ನು ಮಾತಾಡೋ ಅಲೆಯಲ್ಲೇ ಅದು ಊಟ ಬಿಸಿ ಮಾಡೋದು. ಗನ್ನಿನದು ಪಿಸುಮಾತು, ಪಕ್ಕದಲ್ಲಿ ಡೋಲು ಬಡಿದ ಹಾಗೆ. ಅದು ಸೆಕೆಂಡಿಗೆ ಐವತ್ತು ಸಲ ಹತ್ತಿ ಆರತ್ತೆ. ಆರಿದ ಸಂದಿಯಲ್ಲಿ ನುಸುಳಿದ್ರೆ ನಿಮಗೆ ಟಿಂಗ್, ಇಲ್ಲಾಂದ್ರೆ ಚಕ್ರ. ದೂರ ಹೋದ ಹಾಗೆ ಜೋರು ಕಮ್ಮಿ, ಅದಕ್ಕೇ ಆರನೇ ಸಾಲಿಗೆ ತಟ್ಟಲ್ಲ.”

“ಅಂದ್ರೆ ಎಲ್ಲರೂ ಬಿಸಿ ಮಾಡ್ಕೊಳ್ಳೋ ಹೊತ್ತಲ್ಲಿ ನಾನು ಇಲ್ಲಿ ನಿಂತಿರ್ತೀನಿ.”

“ಹೂಂ.”

“ನಾನು ಊಟಕ್ಕೆ ಹೋದಾಗ ಅದು ಆರಿರತ್ತೆ. ಯಾಕಂದ್ರೆ ನಾನು ತಣ್ಣಗಿರೋದೇ ತಿನ್ನೋದು. ಬಿಸಿ ಮಾಡಿದ್ದನ್ನ ಮತ್ತೆ ಬಿಸಿ ಮಾಡಿದ್ರೆ ರುಚಿ ಸಾಯತ್ತೆ ಅಂತ ನಮ್ಮಮ್ಮ ಅಂತಿದ್ಳು.”

“ಆಗಲೇ ಪಟಾಕಿ ಇಲ್ಲಿ ನಿಂತಿದ್ದು,” ಎಂದಳು ಏಣಿಯಮ್ಮ.

ಅಕ್ಕ ಗನ್ನನ್ನು ಕಪಾಟಿನ ಮೇಲೆ ಕುಕ್ಕಿದಳು. ಎಲ್ಲರೂ ಮೊದಲು ಉಣ್ಣಲಿ ಎಂದು ತಾನು ಕೊನೆಗೆ ಉಳಿದದ್ದೇ ತನಗೆ ಎದುರು ಸಾಕ್ಷಿ! ಉಪಕಾರ ಮಾಡಿ ಉಗುಳಿಸಿಕೊಂಡಂತೆ. ಸಿಟ್ಟು ಯಾರ ಮೇಲೆಂದು ಗೊತ್ತಾಗದೆ ಎಲ್ಲರ ಮೇಲೂ ಬಂತು. ರಿಬ್ಬನ್ನು ಕತ್ತರಿಸಿದವನ ಮೇಲೆ, ಸೊಂಟದಲ್ಲಿ ದಬ್ಬುವವರ ಮೇಲೆ, ಬೆಳಿಗ್ಗೆ ಒಂಬತ್ತರ ಮೇಲೆ, ತನ್ನ ತಣ್ಣಗಿನ ಡಬ್ಬಿಯ ಮೇಲೆ.

“ಆದ್ರೆ ಬೆಳಿಗ್ಗೆ?” ಎಂದಳು ತಟ್ಟನೆ. “ಬೆಳಿಗ್ಗೆ ಹನ್ನೊಂದಕ್ಕೆ ಮೈಕ್ರೋವೇವ್ ಎಲ್ಲಿತ್ತು? ಆ ಮನುಷ್ಯ ಪಕ್ಕದಲ್ಲಿ ನಿಂತಾಗೆಲ್ಲ ನಿಲ್ಲತ್ತೆ. ಹೋದ ತಕ್ಷಣ ಸರಿಹೋಗತ್ತೆ. ಕಣ್ಣು ಬೀಳತ್ತಾ ಏನು ಕಥೆ?”

“ಬರೀ ಬಂದು ನಿಂತಾಗಲಾ? ಮಾತಾಡ್ತಾ ನಿಂತಾಗಲಾ?”

ಪಟಾಕಿಯ ಮಾತು ಅಕ್ಕನಿಗೆ ನೆನಪಾಯಿತು: ಫೋನಿಲ್ಲ ಗೀನಿಲ್ಲ, ವಾಚು ಹಿಡ್ಕೊಂಡು. ಇಬ್ಬರೂ ಏಕಕಾಲಕ್ಕೆ ಗಾಜಿನ ಕೋಣೆಯತ್ತ ತಿರುಗಿದರು. ಗಡಿಯಾರನ ಸೊಂಟದಲ್ಲಿ, ಕಡ್ಡಿ ಮೇಲೆದ್ದ ಫೋನು ತೂಗುತ್ತಿತ್ತು.

“ಹಳೇ ಕಾಲದ್ದು,” ಎಂದಳು ಏಣಿಯಮ್ಮ ಮೆಲ್ಲಗೆ. “ಈಗಿನವು ಬೇರೆ ಅಲೆಯಲ್ಲಿ ಓಡ್ತವೆ, ತಂಟೆ ಇಲ್ಲ. ಆ ಕಾಲದವು ಕೆಲವು ಇದೇ ಬೆಂಚಿನ ಮೇಲೆ ಕುಪ್ಪಳಿಸ್ತವೆ, ಒಂದು ಕಡೆ ಕೂರಲ್ಲ. ಮಾತಾಡುವಾಗ ಮಾತ್ರ. ನೋಡೇಬಿಡೋಣ. ಈಗಲ್ಲ, ಮೂರಕ್ಕೆ.”

ಮೂರು ಗಂಟೆಗೆ ದೊಡ್ಡ ಮೇಡಂ ಬಂದರು. ಕೈಯಲ್ಲಿ ಮೂರು ಮೆಮೊಗಳ ಕಡತ. ಕನ್ನಡಕದ ಮೇಲಿಂದ ನೋಡುವ, ಹೆಚ್ಚು ಮಾತಾಡದ ಹೆಂಗಸು. ಗಡಿಯಾರ ಕುರ್ಚಿ ಒರೆಸಿ ಇಟ್ಟ.

“ಮೇಡಂ, ಕೂರೋಕೆ ಮೊದಲು ಒಂದು ಸಲ ನನ್ನ ಸಾಲಿಗೆ ಬನ್ನಿ,” ಎಂದಳು ಅಕ್ಕ.

“ಅದೆಲ್ಲ ಪರೀಕ್ಷೆ ಆಗಿದೆ,” ಎಂದ ಗಡಿಯಾರ. “ಐದು ದಿನ...”

“ನಿಮ್ಮ ಪರೀಕ್ಷೆ ಐದು ದಿನದ್ದು ಸಾರ್. ನಂದು ಐದು ನಿಮಿಷದ್ದು. ಮೇಡಂ, ಗನ್ನು ನೀವೇ ಹಿಡ್ಕೊಳ್ಳಿ. ನನ್ನ ಕೈ ನಡುಗತ್ತಂತೆ.”

ಮೇಡಂ ಗನ್ನು ತೆಗೆದುಕೊಂಡರು. ಕೆಂಪು ಗೆರೆ, ಟಿಂಗ್. ಮತ್ತೊಂದು, ಟಿಂಗ್. ಅಕ್ಕ ಗೋಡೆ ತಟ್ಟಿದಳು. ಆಚೆ ಪಟಾಕಿ ಒಂದು ಲೋಟ ನೀರಿಟ್ಟು ಕಾದಿದ್ದಳು. ಗುಂಯ್.

ಚಕ್ರ ತಿರುಗಿತು. ಮೇಡಂ ಪೆಟ್ಟಿಗೆಯ ಹತ್ತಿರ ಹಿಡಿದರು, ದೂರ ಹಿಡಿದರು, ಗನ್ನಿನ ಬೆನ್ನು ತಟ್ಟಿದರು. ಏಣಿಯಮ್ಮ ಲ್ಯಾಪ್‌ಟಾಪನ್ನು ಎದೆಯ ಮುಂದೆ ದೇವರ ಪಟದಂತೆ ಹಿಡಿದು ಮಸಿ ತೋರಿಸಿದಳು. ಟಣ್. ಟಿಂಗ್. ಮತ್ತೆ ಗುಂಯ್, ಮತ್ತೆ ಚಕ್ರ. ಮೂರು ಸಲ ಮಾಡಿ ತೋರಿಸಿದರು. ಸುತ್ತ ಆರು ಸಾಲಿನವರೂ ಕೆಲಸ ಬಿಟ್ಟು ನಿಂತಿದ್ದರು. ಯಾರಿಗೂ ಸೆಕೆಂಡು ಎಣಿಸಬೇಕೆನಿಸಲಿಲ್ಲ.

“ಇದು ಊಟದ ಹೊತ್ತಿಗಾಯ್ತು,” ಎಂದ ಗಡಿಯಾರ. ಅವನ ಹಣೆ ಹೊಳೆಯುತ್ತಿತ್ತು. “ಮಿಕ್ಕ ಹೊತ್ತಲ್ಲಿ? ಈವತ್ತು ಬೆಳಿಗ್ಗೆ ಕೂಡ ನಾನು ಕಣ್ಣಾರೆ...”

“ಹೌದಲ್ಲ ಸಾರ್. ಬೆಳಿಗ್ಗೆ ನೀವು ಹೇಗೆ ನಿಂತಿದ್ರಿ? ಹಾಗೇ ಬಂದು ನಿಲ್ಲಿ. ಗೇಟಿಗೊಂದು ಫೋನ್ ಮಾಡಿ, ಲಾರಿ ಬಂತಾ ಅಂತ ಕೇಳಿ. ಬೆಳಿಗ್ಗೆ ನನ್ನ ವಿಷಯ ಹೇಳ್ತಿದ್ರಲ್ಲ, ಅಷ್ಟೇ ಹೊತ್ತು ಮಾತಾಡಿ.”

ಅವನು ಮೇಡಂ ಮುಖ ನೋಡಿದ. ಮೇಡಂ “ಮಾಡಿ” ಎಂದರು.

ಅವನು ಫೋನು ಕಿವಿಗಿಟ್ಟ. “ಹಲೋ, ಗೇಟಾ? ಲಾರಿ... ಹೂಂ... ಹೂಂ...” ಮೇಡಂ ಗನ್ನು ಒತ್ತಿದರು. ಚಕ್ರ. ಮತ್ತೆ ಒತ್ತಿದರು. ಚಕ್ರ. ಅವನ ‘ಹೂಂ’ಗಳು ಸಣ್ಣದಾಗುತ್ತ ಬಂದವು, ಕೊನೆಗೆ ಫೋನು ಕೆಳಗಿಳಿಯಿತು.

ಟಿಂಗ್.

“ಮೇಡಂ,” ಎಂದಳು ಅಕ್ಕ, “ಕೈ ನಡುಗತ್ತಾ ನಿಮಗೆ?”

ಪಟಾಕಿ ಗೋಡೆಯಾಚೆಯಿಂದ ಕಿಸಕ್ಕನೆ ನಕ್ಕದ್ದು ಎಲ್ಲರಿಗೂ ಕೇಳಿಸಿತು. ಮೇಡಂ ನಗಲಿಲ್ಲ. ಗನ್ನನ್ನು ಅಕ್ಕನ ಕೈಗೆ ಹಿಂದಿರುಗಿಸಿ, ಏಣಿಯಮ್ಮನತ್ತ ತಿರುಗಿದರು. “ಏನು ಮಾಡ್ಬೇಕು?”

“ಏಳನೇ ಸಾಲಿನ ಡಬ್ಬವನ್ನ ಬೇರೆ ನಂಬರಿಗೆ ಹಾಕೋಣ ಅಂದ್ರೆ ಜಾಗ ಇಲ್ಲ ಮೇಡಂ. ಆರರಲ್ಲಿ ಪಕ್ಕದ ಸಾಲು, ಒಂದರಲ್ಲಿ ಈಗ ಪ್ರೆಸ್ಸಿನವರು. ಮೈಕ್ರೋವೇವ್ ಒಲೆ ಇಲ್ಲಿಂದ ಹೋಗ್ಬೇಕು. ಗೇಟಿನ ಕಾವಲುಗಾರರ ಕೋಣೆಯಲ್ಲಿ ಇಡಿ, ನಡುವೆ ಎರಡು ಇಟ್ಟಿಗೆ ಗೋಡೆ, ಇಡೀ ಅಂಗಳ ಇದೆ. ಅದರ ಬಾಗಿಲೂ ಸರಿಯಾಗೋವರೆಗೆ ಉರಿಸ್ಬೇಡಿ. ಫೋನು ಹೊಸದು ತಗೊಳ್ಳಿ.”

“ಹಾಗೇ ಮಾಡಿ,” ಎಂದು ಮೇಡಂ ಕಡತ ಮುಚ್ಚಿದರು. “ಈ ಮೆಮೊ ವಿಷಯ ಇಲ್ಲಿಗೆ ಬಿಡೋಣ.”

“ಪಾಪ, ಅವರೂ ಮೊದಲೇ ಹೇಳಬಹುದಿತ್ತು,” ಎಂದ ಗಡಿಯಾರ, ದನಿಗೆ ಸಕ್ಕರೆ ಹಾಕಿ. “ಗೋಡೆಯಾಚೆ ಸದ್ದು ಕೇಳತ್ತೆ ಅಂತ...”

ಇಷ್ಟು ಹೊತ್ತು ತಣ್ಣಗಿದ್ದ ಅಕ್ಕ ಆಗ ಹತ್ತಿ ಉರಿದಳು.

“ನಾನು ಹೇಳಬಹುದಿತ್ತಾ? ಎಂಟು ವಾರ ಹೇಳಿದ್ದೇನು ಸಾರ್ ನಾನು? ‘ಗನ್ನು ನಿಲ್ಲತ್ತೆ, ನಾನಲ್ಲ.’ ಗಿಣಿ ಹಾಗೆ ಅದೊಂದೇ ಮಾತು! ಆಗ ಗಾದೆ ಹೇಳಿದ್ರಿ. ನೆಲ ಡೊಂಕೇ ಇತ್ತಲ್ಲ ಸಾರ್! ಡೊಂಕು ಮಾಡಿದ್ದೂ ನೀವೇ, ರಿಬ್ಬನ್ ಕತ್ತರಿಸಿ! ಒಂದು ದಿನ, ಒಂದೇ ಒಂದು ದಿನ ನನ್ನ ಹೊತ್ತಲ್ಲಿ ನೀವು ಗನ್ನು ಹಿಡಿದು ನಿಂತಿದ್ರೆ ಗೊತ್ತಾಗ್ತಿತ್ತು. ವಾಚು ಹಿಡಿದು ನಿಂತ್ರಿ.”

“ಆಯ್ತಲ್ಲ, ಬಿಟ್ವಲ್ಲ,” ಎಂದು ಅವನು ಕಡತದಿಂದ ಮೆಮೊ ಎಳೆದು ಹರಿಯಲು ಹೋದ.

“ಹರೀಬೇಡಿ!” ಅವನ ಕೈ ನಿಂತಿತು. “ಹರಿದ್ರೆ ಏನೂ ಆಗಿಲ್ಲ ಅನ್ನೋ ಹಾಗಾಗತ್ತೆ. ಓದುವಾಗ ಹೇಗೆ ಓದಿದ್ರಿ? ಆಚೆ ಲಾರಿಯವರಿಗೂ ಕೇಳೋ ಹಾಗೆ. ಹಾಗೇ ಇನ್ನೊಂದು ಬರೀರಿ. ‘ಸುಮ್ಮನೆ ನಿಂತಿರಲಿಲ್ಲ’ ಅಂತ. ಬರೆದು, ಇಲ್ಲೇ ನಿಂತು, ಓದಿ.”

ಅವನು ಮತ್ತೆ ಮೇಡಂ ಮುಖ ನೋಡಿದ. ಮೇಡಂ ಕನ್ನಡಕ ತೆಗೆದು ಒರೆಸುತ್ತ, “ಪದ್ಧತಿ ಪ್ರಕಾರ,” ಎಂದರು.

ಬರೆದ. ಎರಡು ಸಾಲು. ಓದಿದ. ಮೊದಲ ಸಲ ದನಿ ಹೊರಡಲಿಲ್ಲ. “ಕೇಳಿಸ್ಲಿಲ್ಲ ಸಾರ್!” ಎಂದು ಲಾರಿಯ ಕಡೆಯಿಂದ ಯಾರೋ ಕೂಗಿದರು. ಎರಡನೇ ಸಲ ಓದಿದ. ತಗಡಿನ ಮಾಡು ಅದನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿಲ್ಲ.

ಅಕ್ಕನಿಗೆ ಸಮಾಧಾನವೇನೂ ಆಗಲಿಲ್ಲ. ಎಂಟು ವಾರದ ಉರಿ ಎರಡು ಸಾಲಿಗೆ ಆರುತ್ತದೆಯೇ? ಕಾಗದವನ್ನು ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ, ತನ್ನ ತಣ್ಣಗಿನ ಡಬ್ಬಿಯ ಚೀಲದಲ್ಲಿ ಇಟ್ಟಳು. ಈವತ್ತು ಊಟ ಮಾಡಿಲ್ಲವೆಂಬುದು ಆಗ ನೆನಪಾಯಿತು.

“ನಾಳೆಯಿಂದ ನಾನು ಮೊದಲನೇ ಪಂಕ್ತಿ,” ಎಂದಳು ಪಟಾಕಿಗೆ. “ಕೊನೇ ಪಂಕ್ತಿ ಸರದಿ ಮೇಲೆ, ದಿನಕ್ಕೊಬ್ಬರು. ಇನ್ನು ಮೇಲೆ ನನ್ನ ಒಳ್ಳೇತನಕ್ಕೆ ಕೆಲಸ ಇಲ್ಲ.”

“ನಾಳೆ ನಾನೇ ನಿಲ್ತೀನಿ ಅಕ್ಕಾ! ಆದ್ರೆ ಅಕ್ಕಾ, ಒಲೆ ಗೇಟಿಗೆ ಹೋದ್ರೆ ಬಿಸಿ ಮಾಡ್ಕೊಂಡು ಇಲ್ಲಿಗೆ ಬರೋದರಲ್ಲಿ ತಣ್ಣಗಾಗಿಬಿಡತ್ತಲ್ಲಾ!”

“ತಣ್ಣಗೆ ತಿಂದು ಕಲಿ. ಹದಿನೇಳು ವರ್ಷದಿಂದ ನಾನೇನು ಸತ್ತಿಲ್ಲ.”

ಅವಳು ಗನ್ನು ಎತ್ತಿಕೊಂಡು ಆಸ್ಪತ್ರೆಯ ಪಟ್ಟಿಗೆ ಮರಳಿದಳು. ಟಿಂಗ್. ಟಿಂಗ್. ಅಷ್ಟರಲ್ಲಿ ಊಟದ ಕೋಣೆಯ ಬಾಗಿಲು ತೆರೆದು, ಗಡಿಯಾರ ಮೈಕ್ರೋವೇವನ್ನು ಮಗುವಿನಂತೆ ಎರಡೂ ಕೈಯಲ್ಲಿ ತಬ್ಬಿಕೊಂಡು ಹೊರಬಂದ. ಸೊಂಟದಲ್ಲಿ ಫೋನಿರಲಿಲ್ಲ. ಗೇಟಿಗೆ ಹೋಗುವ ದಾರಿ ಏಳನೇ ಸಾಲಿನ ಮೂಲಕವೇ. ಒಲೆಯ ವೈರು ಅವನ ಹಿಂದೆ ನೆಲದ ಮೇಲೆ ಎಳೆದುಕೊಂಡು ಬರುತ್ತಿತ್ತು, ಪ್ಲಗ್ಗು ಕಟಕಟ ಎನ್ನುತ್ತಿತ್ತು. ಅವನು ಅವಳ ಮುಖ ನೋಡದೆ ದಾಟಿದ. ಅವಳು ಗನ್ನಿನಿಂದ ಕಣ್ಣು ತೆಗೆಯದೆ, ಪ್ಲಗ್ಗು ಹೋಗಲೆಂದು ಒಂದು ಕಾಲನ್ನು ಎತ್ತಿ, ಅದು ದಾಟಿದ ಮೇಲೆ ಕೆಳಗಿಟ್ಟಳು.